ಟಿಕೆಟ್ಟು ಕೈಯಲ್ಲಿದೆ, ಬೀಗದ ಕೈ ಎಲ್ಲಿ?

ನಮ್ಮ ಕಡೆಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳಲ್ಲಿ ಕೆಲವಕ್ಕೆ ಈಗ ಬಾಗಿಲ ಪಕ್ಕದಲ್ಲಿ 'ಉಚಿತ ವೈ-ಫೈ' ಎಂದು ಬರೆದಿರುತ್ತಾರೆ. ಹೊದೆಯಲು ಕಂಬಳಿ, ಕುಡಿಯಲು ಒಂದು ಬಾಟಲಿ ನೀರು, ಜೊತೆಗೆ ವೈ-ಫೈ. ಉಚಿತ ಎಂದರೂ ಇವೆಲ್ಲ ನಾವು ಕೊಟ್ಟ ಟಿಕೆಟ್ಟಿನ ಹಣದಲ್ಲೇ ಸೇರಿರುವಂಥವು ಎಂದು ಯಾರಿಗೆ ಗೊತ್ತಿಲ್ಲ? ಆದರೆ ಕಂಬಳಿ ಕೊಡುವ ಹುಡುಗ ನಿಮ್ಮ ಫೋನ್ ನಂಬರು ಕೇಳುವುದಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಗುಟ್ಟಿನ ಸಂಖ್ಯೆ ಬೇಕಾಗುವುದಿಲ್ಲ. ವೈ-ಫೈಗೆ ಮಾತ್ರ ನಂಬರು ಬರೆಯಬೇಕು, ಆ ನಂಬರಿಗೆ ಬರುವ ಓಟಿಪಿಯನ್ನು ತುಂಬಬೇಕು, ಆಮೇಲೆ ಬಾಗಿಲು ತೆರೆಯಬೇಕು. ಓಡುವ ಬಸ್ಸಿಗೆ ಈ ಪದ್ಧತಿ ಹೊಂದುವುದಿಲ್ಲ, ಅದರಲ್ಲೂ ಘಟ್ಟದ ಹೆಂಗಸರ ಮಟ್ಟಿಗೆ ಇದು ಅನ್ಯಾಯ ಎಂದು ನಾನು ಹೇಳುತ್ತೇನೆ. ಕೈಯಲ್ಲಿರುವ ಟಿಕೆಟ್ಟೇ ಬೀಗದ ಕೈಯಾಗಬೇಕು. ಯಾಕೆ ಎಂದು ಹೇಳುವುದಕ್ಕೆ ಮೊದಲು ಆ ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಬಸ್ಸಿನ ವೈ-ಫೈಗೆ ಆಕಾಶದಿಂದ ಬೇರೆ ದಾರಿಯೇನೂ ಇಲ್ಲ. ಚಾಲಕನ ಹತ್ತಿರವೋ ಮೇಲಿನ ಗೂಡಿನಲ್ಲೋ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರೊಳಗೆ ನಿಮ್ಮ ಫೋನಿನಲ್ಲಿರುವಂಥದೇ ಒಂದು ಸಿಮ್ಮು, ಒಮ್ಮೊಮ್ಮೆ ಎರಡು ಬೇರೆ ಕಂಪನಿಗಳ ಎರಡು ಸಿಮ್ಮು. ದಾರಿಯ ಪಕ್ಕದ ಟವರುಗಳಿಂದ ಅದು ಇಂಟರ್ನೆಟ್ ಎಳೆದುಕೊಂಡು ನಲವತ್ತು ಜನಕ್ಕೆ ಹಂಚುತ್ತದೆ. ಒಂದೇ ನಲ್ಲಿಯ ಕೆಳಗೆ ನಲವತ್ತು ಬಿಂದಿಗೆ ಇಟ್ಟ ಹಾಗೆ. ನೀವು ಪಟ್ಟಿಯಲ್ಲಿ ಬಸ್ಸಿನ ಹೆಸರು ನೋಡಿ ಒತ್ತಿದಾಗ ನಿಮ್ಮ ಫೋನು ಪೆಟ್ಟಿಗೆಗೆ ಸೇರುತ್ತದೆ, ಆದರೆ ಇಂಟರ್ನೆಟ್ಟಿಗೆ ಇನ್ನೂ ಸೇರಿರುವುದಿಲ್ಲ. ಆಗ ಫೋನು ನಮಗೆ ಹೇಳದೆಯೇ ಒಂದು ಕೆಲಸ ಮಾಡುತ್ತದೆ. ತನ್ನನ್ನು ತಯಾರಿಸಿದವರು ಹೇಳಿಕೊಟ್ಟ ಒಂದು ವಿಳಾಸಕ್ಕೆ 'ಇದ್ದೀಯಾ?' ಎಂದು ಕೂಗುತ್ತದೆ. ನಾವು ತರಗತಿಯಲ್ಲಿ ಹಾಜರಿ ಕೂಗುತ್ತೇವಲ್ಲ, ಹಾಗೆ. ಗೊತ್ತಿರುವ ದನಿಯಲ್ಲಿ ಉತ್ತರ ಬಂದರೆ ದಾರಿ ತೆರೆದಿದೆ ಎಂದು ಅರ್ಥ. ಪಕ್ಕದ ಹುಡುಗ ಇನ್ನೊಬ್ಬನ ಹಾಜರಿ ಹೇಳಿದ ಹಾಗೆ ಬೇರೆ ಯಾರೋ ಉತ್ತರ ಕೊಟ್ಟರೆ, ನಡುವೆ ಒಬ್ಬ ಬಾಗಿಲು ಕಾಯುವವನಿದ್ದಾನೆ ಎಂದು ಫೋನು ಅರ್ಥಮಾಡಿಕೊಂಡು `Sign in to network` ಎಂಬ ಸೂಚನೆ ತೋರಿಸುತ್ತದೆ. ಅದನ್ನು ಒತ್ತಿದರೆ ಬರುವುದೇ ಆ ನಂಬರು ಕೇಳುವ ಪುಟ.

ಕೆಲವರಿಗೆ ಆ ಪುಟವೇ ಬರುವುದಿಲ್ಲ. 'ಕನೆಕ್ಟಾಗಿದೆ ಮೇಡಂ, ಏನೂ ಬರ್ತಿಲ್ಲ' ಎಂದು ಕೂತಿರುತ್ತಾರೆ. ಕಾರಣ ಬಹಳ ಸಣ್ಣದು. ಈಗ ನಾವು ತೆರೆಯುವ ಪುಟಗಳೆಲ್ಲ ಮೊಹರು ಹಾಕಿದ ಲಕೋಟೆಯಲ್ಲಿ ಓಡಾಡುತ್ತವೆ. ನಡುವೆ ನಿಂತ ಬಾಗಿಲವನು ಅದನ್ನು ಒಡೆದು ತನ್ನ ಪುಟ ತುರುಕಲಾರ. ಮೊಹರಿಲ್ಲದ ಒಂದು ವಿಳಾಸ ಬರೆದರೆ ಅವನು ಕಾಣಿಸಿಕೊಳ್ಳುತ್ತಾನೆ. `neverssl.com` ಎಂಬ ಪುಟ ಇರುವುದೇ ಇದಕ್ಕಾಗಿ. ಫೋನಿನಲ್ಲಿ ವಿಪಿಎನ್ ಎಂಬುದನ್ನು ಮಕ್ಕಳು ಹಾಕಿಟ್ಟಿದ್ದರೆ ಅದನ್ನೂ ಆ ಹೊತ್ತಿಗೆ ಆರಿಸಬೇಕು. ಇಷ್ಟಾದರೆ ಪುಟ ಬರುತ್ತದೆ. ನನ್ನ ಜಗಳ ಇರುವುದು ಪುಟ ಬಂದ ಮೇಲಿನದರ ಬಗ್ಗೆ.

ಓಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ಎಸ್ಸೆಮ್ಮೆಸ್ಸು ಬರುವುದು ನಿಮ್ಮ ಸ್ವಂತ ಸಿಮ್ಮಿನ ಟವರಿನಿಂದ, ಬಸ್ಸಿನ ವೈ-ಫೈಯಿಂದಲ್ಲ. ಅಂದರೆ ವೈ-ಫೈ ಬೇಕೆಂದರೆ ನಿಮ್ಮ ಫೋನಿಗೆ ಮೊದಲೇ ಸಿಗ್ನಲ್ ಇರಬೇಕು. ಸಿಗ್ನಲ್ಲೂ ಇದ್ದು ಡೇಟಾವೂ ಇದ್ದವರಿಗೆ ವೈ-ಫೈ ಯಾಕೆ ಬೇಕು ಹೇಳಿ? ಬೇಕಾಗುವುದು ಎರಡೇ ತರದವರಿಗೆ. ತನ್ನ ಕಂಪನಿಯ ಸಿಗ್ನಲ್ ಸಿಗದ ಜಾಗದಲ್ಲಿ ಬಸ್ಸಿನ ಪೆಟ್ಟಿಗೆಗೆ ಬೇರೆ ಕಂಪನಿಯ ಸಿಗ್ನಲ್ ಸಿಕ್ಕಿರುವಾಗ ಕೂತವರು ಒಬ್ಬರು, ರೀಚಾರ್ಜು ಮುಗಿದವರು ಇನ್ನೊಬ್ಬರು. ಇಬ್ಬರಿಗೂ ಓಟಿಪಿ ಬರುವುದಿಲ್ಲ. ಹಸಿದವರಿಗೆಂದು ಅನ್ನಛತ್ರ ತೆರೆದು ಊಟ ಮಾಡಿ ಬಂದ ಚೀಟಿ ತೋರಿಸಿ ಎಂದ ಹಾಗಾಯಿತು.

ಕಳಸದ ಕಡೆಯಿಂದ ಬರುವ ಒಂದು ಬಸ್ಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಬಸ್ಸಿನ ಹೆಸರು ಬೇಡ, ಎಲ್ಲ ಬಸ್ಸಿನ ಕತೆಯೂ ಇದೇ. ನನ್ನ ಪಕ್ಕದ ಸೀಟಿನಲ್ಲಿ ಕಾಫಿ ತೋಟದ ರೈಟರೊಬ್ಬರ ಹೆಂಡತಿ ಕೂತಿದ್ದರು. ಆಕೆಯ ಅಕ್ಕ ಬೆಂಗಳೂರಿನ ಆಸ್ಪತ್ರೆ ಸೇರಿದ್ದರು. ಯಾವ ಆಸ್ಪತ್ರೆ, ಯಾವ ವಾರ್ಡು ಎಂದು ಅಕ್ಕನ ಮಗ ವಾಟ್ಸಪ್ಪಿನಲ್ಲಿ ತಿಳಿಸುತ್ತೇನೆ ಎಂದಿದ್ದನಂತೆ. ಆಕೆಯ ಕೈಯಲ್ಲಿದ್ದದ್ದು ಮಗ ಬಿಟ್ಟುಕೊಟ್ಟ ಹಳೆಯ ಫೋನು. ಅದಕ್ಕೆ ರೀಚಾರ್ಜು ಮಾಡಿಸಿ ತಿಂಗಳುಗಳೇ ಆಗಿದ್ದವು. ತೋಟದ ಆಫೀಸಿನ ವೈ-ಫೈ ಅವರ ಮನೆ ಜಗಲಿಗೆ ಸಿಗುತ್ತದೆ, ವಾಟ್ಸಪ್ಪು ಅಲ್ಲೇ ನಡೆಯುತ್ತದೆ, ಹಾಗಿರುವಾಗ ತಿಂಗಳು ತಿಂಗಳು ದುಡ್ಡು ಹಾಕುವುದು ಯಾಕೆ ಎಂದು ಗಂಡ ನಿಲ್ಲಿಸಿದ್ದರು. ನಮ್ಮ ತೋಟಗಳ ಸೀಮೆಯಲ್ಲಿ ಹೀಗೆ ಮನೆಯ ವೈ-ಫೈಯನ್ನೇ ನಂಬಿಕೊಂಡ ಹೆಂಗಸರು ಎಷ್ಟು ಮಂದಿಯೋ. ಗಂಡಸರ ಫೋನಿಗೆ ರೀಚಾರ್ಜು ತಪ್ಪುವುದಿಲ್ಲ, ಅವರು ಹೊರಗೆ ಹೋಗುವವರಲ್ಲವೇ!

ಆಕೆ ಬಸ್ಸಿನ ಪುಟದಲ್ಲಿ ತನ್ನ ನಂಬರು ಬರೆದು ಕಾದರು. ರೀಚಾರ್ಜಿನ ಅವಧಿ ಮುಗಿದು ಬಹಳ ದಿನವಾದರೆ ಹೊರಗಿನಿಂದ ಬರುವ ಎಸ್ಸೆಮ್ಮೆಸ್ಸೂ ನಿಂತುಹೋಗುತ್ತದೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಆಮೇಲೆ ಗಂಡನ ನಂಬರು ಹಾಕಿದರು. ಅದೇನೋ ಹೋಯಿತು, ಆದರೆ ಹೋದದ್ದು ತೋಟದ ಮನೆಗೆ. ಆ ಮನುಷ್ಯ ಕಣದ ತುದಿಗೆ ಹೋಗಿ ನಿಂತರೆ ಮಾತ್ರ ಸಿಗ್ನಲ್ ಸಿಗುವ ಜಾಗ ಅದು. ಸಿಕ್ಕಿದರೂ ಸಂಖ್ಯೆಯನ್ನು ಹೆಂಡತಿಗೆ ಹೇಳುವುದು ಹೇಗೆ? ಆಕೆಯ ಫೋನು ಸತ್ತಿದೆಯಲ್ಲ.

'ಟೀಚರಕ್ಕ, ನಿಮ್ಮ ನಂಬರ್ ಹಾಕ್ಲಾ? ಎಂತ ಮಾಡೋದು ಅಂತಲೇ ಗೊತ್ತಾಗ್ತಿಲ್ಲ' ಎಂದರು.

'ಹಾಕಿ ಮಾರಾಯ್ತಿ, ಅದಕ್ಕೆಂತ ಕೇಳೋದು' ಎಂದೆ.

ಅಷ್ಟರಲ್ಲಿ ಬಸ್ಸು ಕೊಟ್ಟಿಗೆಹಾರದ ಕಡೆಗಿನ ತಿರುವುಗಳಲ್ಲಿತ್ತು. ನನ್ನ ಫೋನಿನಲ್ಲಿ ಒಂದು ಗೀಟೂ ಇರಲಿಲ್ಲ. ಆಕೆ ಗಾಬರಿಯಲ್ಲಿ 'ಮತ್ತೆ ಕಳಿಸು' ಎಂಬುದನ್ನು ಮೂರು ಸಲ ಒತ್ತಿದರು. ಬಣಕಲ್ ಬಂದಾಗ ಮೂರು ಎಸ್ಸೆಮ್ಮೆಸ್ಸುಗಳು ಒಟ್ಟಿಗೆ ಬಂದು ಬಿದ್ದವು. ಹೊಸ ಸಂಖ್ಯೆ ಹುಟ್ಟಿದ ತಕ್ಷಣ ಹಳೆಯದು ಸಾಯುತ್ತದೆ, ಮೂರರಲ್ಲಿ ಒಂದೇ ನಡೆಯುವುದು. ಆದರೆ ತಡವಾಗಿ ಬಂದವು ಬಂದ ಕ್ರಮದಲ್ಲಿ ನಿಲ್ಲುವುದಿಲ್ಲ, ಕೊನೆಯದು ಮೇಲೆ ಇರಬಹುದು, ನಡುವೆಯೂ ಇರಬಹುದು. ಒಂದೊಂದನ್ನೂ ಹಾಕಿ ನೋಡುವಷ್ಟರಲ್ಲಿ ಅದಕ್ಕೆ ಕೊಟ್ಟ ಕೆಲವು ನಿಮಿಷಗಳ ಆಯಸ್ಸೂ ಮುಗಿದಿತ್ತು. ಮೂಡಿಗೆರೆಯಲ್ಲಿ ಬಸ್ಸು ನಿಂತಾಗ ನಾಲ್ಕನೆಯ ಸಲ ಕೇಳಿದೆವು, ಅದು ಬಂತು, ಬಾಗಿಲು ತೆರೆಯಿತು. ಅಕ್ಕನ ಮಗನ ಸಂದೇಶ ಎರಡು ಗಂಟೆ ಹಿಂದಿನದು: ಅಮ್ಮನನ್ನು ಬೇರೆ ಆಸ್ಪತ್ರೆಗೆ ಬದಲಾಯಿಸಿದ್ದೇವೆ, ಮೆಜೆಸ್ಟಿಕ್ಕಿಗೆ ಹೋಗಬೇಡ ಚಿಕ್ಕಮ್ಮ, ಗೊರಗುಂಟೆಪಾಳ್ಯದಲ್ಲೇ ಇಳಿದುಬಿಡು.

ನನ್ನ ನಂಬರು ಇಲ್ಲದಿದ್ದರೆ ಆಕೆ ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿದು, ಬಿಟ್ಟುಹೋದ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅಕ್ಕನನ್ನು ಹುಡುಕಬೇಕಾಗಿತ್ತು. ಟಿಕೆಟ್ಟಿಗೆ ಪೂರ್ತಿ ಹಣ ಕೊಟ್ಟಿದ್ದರು. ಕಂಡಕ್ಟರನ ಕೈಯ ಪಟ್ಟಿಯಲ್ಲಿ ಆಕೆಯ ಹೆಸರಿತ್ತು, ವಯಸ್ಸಿತ್ತು, ಸೀಟಿನ ಸಂಖ್ಯೆಯಿತ್ತು. ಬಸ್ಸಿನವರಿಗೆ ಆಕೆ ಯಾರೆಂದು ಗೊತ್ತಿತ್ತು. ಬಸ್ಸಿನ ಪೆಟ್ಟಿಗೆಗೆ ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ಅದು ಕೇಳಿದ್ದು ಆಕೆಯನ್ನಲ್ಲ, ಆಕೆಯ ಸಿಮ್ಮನ್ನು.

ಈ ಸಿಮ್ಮಿನ ಹಟ ಎಲ್ಲಿಂದ ಬಂತು ಎಂಬುದೂ ತಿಳಿದಿರಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸಾಲು ಸಾಲಾಗಿ ಬಾಂಬುಗಳು ಸಿಡಿದವು. ಸಿಡಿಯುವುದಕ್ಕೆ ಕೆಲವೇ ನಿಮಿಷ ಮುಂಚೆ ಸುದ್ದಿ ಸಂಸ್ಥೆಗಳಿಗೆ ಒಂದು ಇ-ಮೇಲ್ ಹೋಗಿತ್ತು. ಅದರ ಜಾಡು ಹಿಡಿದ ಪೊಲೀಸರು ನವಿ ಮುಂಬಯಿಯಲ್ಲಿದ್ದ ಒಬ್ಬ ಅಮೆರಿಕನ್ನನ ಮನೆಗೆ ಬಂದು ನಿಂತರು. ಆತನ ವೈ-ಫೈಗೆ ಬೀಗವಿರಲಿಲ್ಲ, ಯಾರೋ ಅದನ್ನು ಬಳಸಿಕೊಂಡಿದ್ದರು. ಆ ಗಾಬರಿಯಲ್ಲಿ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ಒಂದು ಸೂಚನೆ ಹೊರಡಿಸಿತು. ಸಾರ್ವಜನಿಕ ಜಾಗದಲ್ಲಿ ವೈ-ಫೈ ಕೊಡುವವರು ಬಳಸುವವರ ಗುರುತನ್ನು ಇಟ್ಟುಕೊಳ್ಳಬೇಕು. ಅದಕ್ಕೆ ಎರಡು ದಾರಿ: ಭಾವಚಿತ್ರವಿರುವ ಗುರುತಿನ ಚೀಟಿಯ ನಕಲನ್ನು ಒಂದು ವರ್ಷ ಇಟ್ಟುಕೊಳ್ಳುವುದು, ಇಲ್ಲವೇ ಪ್ರವೇಶದ ಗುಟ್ಟಿನ ಸಂಖ್ಯೆಯನ್ನು ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿ ಆ ಮೊಬೈಲ್ ನಂಬರನ್ನೇ ಗುರುತೆಂದು ಒಂದು ವರ್ಷ ಇಟ್ಟುಕೊಳ್ಳುವುದು.

ಬಾಂಬಿನ ಭಯ ಸುಳ್ಳಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ದಾರಿ ಎರಡಿದ್ದಾಗ ಎಲ್ಲರೂ ಎರಡನೆಯದನ್ನೇ ಹಿಡಿದದ್ದು ದೇಶದ ರಕ್ಷಣೆಗೆ ಅಲ್ಲ, ಅದು ಸಲೀಸು ಎಂಬ ಕಾರಣಕ್ಕೆ. ಜೊತೆಗೆ ಅದು ನಿಂತ ನೆಲಕ್ಕೆ ಹೊಲಿದ ಅಂಗಿ. ರೈಲ್ವೆ ನಿಲ್ದಾಣಗಳನ್ನು ನೋಡಿ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ಲಿನಿಂದ ಶುರುವಾದ ನಿಲ್ದಾಣದ ವೈ-ಫೈ ಈಗ ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿದೆ. `RailWire` ಎಂಬ ಹೆಸರು ಒತ್ತಿ ನಂಬರು ಕೊಟ್ಟರೆ ಓಟಿಪಿ ಬರುತ್ತದೆ. ನಿಲ್ದಾಣ ಊರೊಳಗಿರುತ್ತದೆ, ಟವರು ಕಾಣುತ್ತಿರುತ್ತದೆ, ನೀವೂ ನಿಂತಿರುತ್ತೀರಿ. ಅಲ್ಲಿ ನಡೆದದ್ದನ್ನು ಹಾಗೇ ಎತ್ತಿಕೊಂಡು ಬಂದು ಕಾಡು, ಕಣಿವೆ, ತಿರುವುಗಳಲ್ಲಿ ಓಡುವ ಬಸ್ಸಿಗೆ ತೊಡಿಸಿದರು.

ಇನ್ನು ಓಡುವ ರೈಲಿನ ಮಾತು. ಕಡೂರಿಗೋ ಸಕಲೇಶಪುರಕ್ಕೋ ಹೋಗಿ ರೈಲು ಹತ್ತುವ ನಮ್ಮವರಿಗೆ ಅಲ್ಲಿ ಬೇರೆ ತರದ ನಿರಾಸೆ. 2013ರಲ್ಲಿ ಹೌರಾ ರಾಜಧಾನಿ ರೈಲಿನಲ್ಲಿ ಉಪಗ್ರಹದ ಮೂಲಕ ವೈ-ಫೈ ಕೊಟ್ಟು ನೋಡಿದರು, ಖರ್ಚು ಗಿಟ್ಟಲಿಲ್ಲ. ರೈಲುಗಳೊಳಗಿನ ಇಂಟರ್ನೆಟ್ ಯೋಜನೆಯನ್ನು ಕೈಬಿಟ್ಟಿದ್ದೇವೆಂದು 2021ರ ಆಗಸ್ಟಿನಲ್ಲಿ ಸರ್ಕಾರ ಸಂಸತ್ತಿನಲ್ಲೇ ಹೇಳಿತು. ವಂದೇ ಭಾರತದಂಥ ರೈಲಿನಲ್ಲಿ ವೈ-ಫೈ ಗುರುತು ಇರುತ್ತದಲ್ಲ ಎಂದರೆ, ಅದು ರೈಲಿನಲ್ಲೇ ತುಂಬಿಟ್ಟ ಹಾಡು, ಚಿತ್ರಗಳನ್ನು ತೋರಿಸಲು ಇರುವ ಏರ್ಪಾಟು. ಡಬ್ಬಿಯಲ್ಲಿ ಕಟ್ಟಿ ತಂದ ಬುತ್ತಿ ಅದು, ಹೊರಗಿನ ಅಡಿಗೆಮನೆಗೆ ಅಲ್ಲಿಂದ ದಾರಿಯಿಲ್ಲ. ವೈ-ಫೈ ಎಂದು ಬರೆದಲ್ಲೆಲ್ಲ ಇಂಟರ್ನೆಟ್ ಇರುವುದಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಟಿಕೆಟ್ಟನ್ನೇ ಬೀಗದ ಕೈ ಮಾಡಿ ಎಂದರೆ ಬಸ್ಸಿನವರು 'ಅದೆಲ್ಲ ಆಗುವುದಿಲ್ಲಮ್ಮ, ಸರ್ಕಾರದ ರೂಲು' ಎನ್ನುತ್ತಾರೆ. ಆಗುವುದಿಲ್ಲವೇ? ಏರ್ ಇಂಡಿಯಾದವರು 2025ರ ಜನವರಿ 1ರಂದು ದೇಶದೊಳಗಿನ ಕೆಲವು ವಿಮಾನಗಳಲ್ಲಿ ವೈ-ಫೈ ಕೊಡುತ್ತೇವೆಂದು ಪ್ರಕಟಿಸಿದರು. ಅಲ್ಲಿ ಪುಟ ಕೇಳುವುದು ಟಿಕೆಟ್ಟಿನ ಪಿಎನ್ನಾರ್ ಸಂಖ್ಯೆ ಮತ್ತು ಪ್ರಯಾಣಿಕರ ಹೆಸರಿನ ಕೊನೆಯ ಭಾಗ. ಆಕಾಶದಲ್ಲಿ ಎಸ್ಸೆಮ್ಮೆಸ್ಸು ಸಿಗುವುದಿಲ್ಲ ಎಂದು ಅವರಿಗೆ ಹೊಳೆಯಿತು. ನಮ್ಮ ಘಟ್ಟದಲ್ಲೂ ಸಿಗುವುದಿಲ್ಲ ಎಂದು ಇವರಿಗೆ ಯಾಕೆ ಹೊಳೆಯಲಿಲ್ಲ? ವಿಮಾನ ಹತ್ತುವವರ ಟಿಕೆಟ್ಟಿಗೆ ಇರುವ ಮರ್ಯಾದೆ ಕಳಸದಲ್ಲಿ ಬಸ್ಸು ಹತ್ತುವವಳ ಟಿಕೆಟ್ಟಿಗೆ ಬೇಡವೇ?

ವಿಮಾನ ದೂರದ ಮಾತಾದರೆ ನಮ್ಮ ಕೆಂಪು ಬಸ್ಸನ್ನೇ ನೋಡೋಣ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಲ್ಲಿ ಹಣವಿಲ್ಲದೆ ಓಡಾಡುತ್ತಿದ್ದೇವೆ. ಕಂಡಕ್ಟರು ಗುರುತಿನ ಚೀಟಿಯನ್ನು ಕಣ್ಣಲ್ಲಿ ನೋಡುತ್ತಾರೆ, ಶೂನ್ಯ ದರದ ಟಿಕೆಟ್ಟು ಹರಿದು ಕೈಗೆ ಕೊಡುತ್ತಾರೆ. ಫೋನು ಇದೆಯೇ, ಅದಕ್ಕೆ ರೀಚಾರ್ಜು ಆಗಿದೆಯೇ, ಅದು ಯಾರ ಹೆಸರಲ್ಲಿದೆ ಎಂದು ಕೇಳಿದ್ದಾರೆಯೇ? ಇಡೀ ರಾಜ್ಯದ ಹೆಂಗಸರ ಪ್ರಯಾಣವನ್ನೇ ಕಾಗದದ ತುಂಡೊಂದು ನಡೆಸುತ್ತಿರುವಾಗ ಒಂದು ರಾತ್ರಿಯ ವೈ-ಫೈ ನಡೆಸಲಾರದೇ?

ಟಿಕೆಟ್ಟಿನ ಸಂಖ್ಯೆಯನ್ನು ಯಾರು ಬೇಕಾದರೂ ಕದ್ದು ನೋಡಬಹುದಲ್ಲ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಟಿಕೆಟ್ಟಿನ ಚಿತ್ರ ವಾಟ್ಸಪ್ಪಿನಲ್ಲಿ ಹತ್ತು ಜನಕ್ಕೆ ಹೋಗಿರುತ್ತದೆ, ಹರಿದ ಚೀಟಿ ಸೀಟಿನ ಕೆಳಗೆ ಬಿದ್ದಿರುತ್ತದೆ. ಹಾಗಾಗಿ ಬರಿಯ ಸಂಖ್ಯೆ ಸಾಲದು, ಸೀಟು ಸಂಖ್ಯೆಯನ್ನೂ ಪಟ್ಟಿಯಲ್ಲಿರುವ ಹೆಸರನ್ನೂ ಜೊತೆಗೆ ಕೇಳಬೇಕು, ಒಂದು ಟಿಕೆಟ್ಟಿಗೆ ಒಂದೇ ಫೋನು ಎಂದು ಮಿತಿ ಹಾಕಬೇಕು, ಬಸ್ಸು ತಲುಪಿದ ಗಂಟೆಗೆ ಆ ಸಂಖ್ಯೆ ಸಾಯಬೇಕು. ಆಗ ಕಳ್ಳನಿಗೆ ಕದಿಯಲು ಉಳಿಯುವುದು ಒಂದು ರಾತ್ರಿಯ ಮಂದಗತಿಯ ಇಂಟರ್ನೆಟ್ ಅಷ್ಟೇ. ಪೊಲೀಸರಿಗೂ ನಷ್ಟವಿಲ್ಲ. ಆ ರಾತ್ರಿ ಆ ಸೀಟಿನಲ್ಲಿ ಯಾರು ಕೂತಿದ್ದರು ಎಂಬುದನ್ನು ಬುಕಿಂಗ್ ಪಟ್ಟಿ ಹೇಳುತ್ತದೆ. ಓಟಿಪಿ ಏನು ಹೇಳುತ್ತದೆ? ರೈಟರ ಹೆಂಡತಿ ಆಡಿದ ಮಾತನ್ನು ಒಬ್ಬ ಟೀಚರ ಲೆಕ್ಕಕ್ಕೆ ಬರೆದಿಟ್ಟಿದೆ! ಗುರುತು ಹಿಡಿಯುವ ಏರ್ಪಾಟಂತೆ ಇದು.

ಬೇರೆ ದೇಶದವರೂ ಇದೇ ಭಯವನ್ನು ಕಂಡವರೇ. 2005ರ ಜುಲೈನಲ್ಲಿ ಲಂಡನ್ನಿನಲ್ಲಿ ಬಾಂಬು ಸಿಡಿದ ಮೇಲೆ ಇಟಲಿಯವರು ಸಾರ್ವಜನಿಕ ಇಂಟರ್ನೆಟ್ ಬಳಸುವವರೆಲ್ಲ ಗುರುತಿನ ಚೀಟಿ ತೋರಿಸಬೇಕೆಂದು ಕಾನೂನು ಮಾಡಿದರು. ಐದು ವರ್ಷ ನೋಡಿ, 2011ರ ಆರಂಭಕ್ಕೆ ಆ ಕಡ್ಡಾಯವನ್ನು ಕೈಬಿಟ್ಟರು. ಜರ್ಮನಿಯ ವೇಗದ ರೈಲುಗಳಲ್ಲಿ 2017ರಿಂದ ಎರಡನೆಯ ದರ್ಜೆಯವರಿಗೂ ವೈ-ಫೈ ಉಚಿತ. `WIFIonICE` ಎಂಬ ಹೆಸರು ಒತ್ತಿ, ಷರತ್ತಿಗೆ ಒಪ್ಪಿಗೆ ಎಂದು ಒಂದು ಸಲ ಒತ್ತಿದರೆ ಮುಗಿಯಿತು. ನಂಬರೂ ಇಲ್ಲ, ಗುಟ್ಟೂ ಇಲ್ಲ. ಅಷ್ಟು ದೂರ ಹೋಗಿ ಎಂದು ನಾನು ಕೇಳುತ್ತಿಲ್ಲ.

ನನ್ನ ಸಿಟ್ಟಿಗೆ ಇನ್ನೂ ಒಂದು ಕಾರಣವಿದೆ, ಅದನ್ನು ಗಂಡಸರು ಬೇಗ ಒಪ್ಪುವುದಿಲ್ಲ. ಹೆಂಗಸಿನ ಫೋನ್ ನಂಬರು ಎಂದರೆ ಬರಿಯ ಹತ್ತು ಅಂಕಿಯಲ್ಲ. 2017ರಲ್ಲಿ ಉತ್ತರ ಪ್ರದೇಶದ ರೀಚಾರ್ಜು ಅಂಗಡಿಗಳಲ್ಲಿ ಹೆಣ್ಣುಮಕ್ಕಳ ನಂಬರುಗಳನ್ನು ಗುಟ್ಟಾಗಿ ಮಾರುತ್ತಿದ್ದದ್ದು ಪತ್ರಿಕೆಗಳಲ್ಲಿ ಬಂದಿತ್ತು. ರೀಚಾರ್ಜು ಅಂಗಡಿಯವನಿಗಾದರೂ ನಂಬರು ಮಾತ್ರ ಗೊತ್ತು. ಬಸ್ಸಿನ ಪುಟ ಬರೆದಿಟ್ಟುಕೊಳ್ಳುವುದು ನಂಬರಿನ ಜೊತೆಗೆ ಯಾವ ರಾತ್ರಿ, ಯಾವ ಬಸ್ಸು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನು. ಅದು ಒಂದು ವರ್ಷ ಎಲ್ಲಿ ಇರುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ? ನಾನು ಒಂದು ಕಚೇರಿಯಲ್ಲಿ ಕೇಳಿದೆ, 'ಸಾಫ್ಟ್‌ವೇರಿನವರ ಹತ್ರ ಇರತ್ತೆ ಮೇಡಂ' ಎಂಬ ಉತ್ತರ ಬಂತು. ಆ ಸಾಫ್ಟ್‌ವೇರಿನವರು ಎಲ್ಲಿಯವರೋ ಉತ್ತರ ಕೊಟ್ಟ ಹುಡುಗನಿಗೇ ಗೊತ್ತಿರಲಿಲ್ಲ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಜಾಹೀರಾತು ಕಳಿಸಲು ಒಪ್ಪಿಗೆ' ಎಂಬ ಚೌಕಕ್ಕೆ ಮೊದಲೇ ಗೀಟು ಹಾಕಿಟ್ಟಿದ್ದರೆ ಅದನ್ನು ತೆಗೆಯಿರಿ. ದೇಶದ ರಕ್ಷಣೆಗೆಂದು ಕೇಳಿದ ನಂಬರಿಗೆ ಚಿನ್ನದ ಸಾಲದ ಸಂದೇಶ ಬರುವುದು ಹೀಗೆಯೇ. ಯಾವ ಕೆಲಸಕ್ಕೆ ಎಷ್ಟು ಮಾಹಿತಿ ಬೇಕೋ ಅಷ್ಟೇ ಕೇಳಬೇಕು ಎಂದು 2023ರಲ್ಲಿ ಬಂದ ದತ್ತಾಂಶ ರಕ್ಷಣೆಯ ಕಾಯ್ದೆ ಹೇಳುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಅದೂ ಹಂತ ಹಂತವಾಗಿ ಜಾರಿಗೆ ಬರುವಂತೆ. ಅಲ್ಲಿಯವರೆಗೆ ನಮ್ಮ ನಂಬರು ಸಾಫ್ಟ್‌ವೇರಿನವರ ಹತ್ತಿರ.

ಓಟಿಪಿ ಕೊಡುವುದನ್ನು ಅಭ್ಯಾಸ ಮಾಡಿಸುವುದರಲ್ಲೇ ಒಂದು ಅಪಾಯವಿದೆ. ಬಸ್ಸಿನಲ್ಲಿ ಕೂತ ಯಾರು ಬೇಕಾದರೂ ತನ್ನ ಫೋನಿನ ಹಾಟ್‌ಸ್ಪಾಟಿಗೆ ಬಸ್ಸಿನದೇ ಹೆಸರಿಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸ್ವಲ್ಪ ವಿದ್ಯೆ ಕಲಿತವನಾದರೆ ನಂಬರು ಕೇಳುವ ಪುಟವನ್ನೂ ಅದೇ ತರ ಮಾಡಿಡುತ್ತಾನೆ. ನೀವು ನಂಬರು ಬರೆಯುತ್ತೀರಿ. ಅವನು ಆ ನಂಬರನ್ನು ತನ್ನ ಇನ್ನೊಂದು ಫೋನಿನ ವಾಟ್ಸಪ್ಪಿಗೆ ಕೊಟ್ಟು, ಇದು ನನ್ನದೇ ನಂಬರು ಎನ್ನುತ್ತಾನೆ. ವಾಟ್ಸಪ್ಪಿನವರು ನಿಜವೋ ಸುಳ್ಳೋ ನೋಡಲು ನಿಮ್ಮ ಫೋನಿಗೆ ಆರು ಅಂಕಿ ಕಳಿಸುತ್ತಾರೆ. ನೀವು ವೈ-ಫೈಯ ಓಟಿಪಿ ಬಂತೆಂದು ಸಂತೋಷದಿಂದ ಅದನ್ನು ಅವನ ಪುಟದಲ್ಲಿ ತುಂಬುತ್ತೀರಿ. ನಿಮ್ಮ ವಾಟ್ಸಪ್ಪು ಅವನದಾಯಿತು. ಬೆಳಗಾಗುವಷ್ಟರಲ್ಲಿ ನಿಮ್ಮ ತಂಗಿ, ನಾದಿನಿ, ಶಾಲೆಯ ಗುಂಪಿನವರೆಲ್ಲರಿಗೂ ನಿಮ್ಮ ಹೆಸರಲ್ಲಿ ದುಡ್ಡು ಕೇಳುವ ಸಂದೇಶ ಹೋಗಿರುತ್ತದೆ.

ಇದನ್ನು ಗುರುತಿಸುವ ದಾರಿ ಒಂದೇ. ಫೋನಿನ ಮೇಲುಗಡೆ ಮಿಂಚಿ ಮಾಯವಾಗುವ ಅಂಕಿಯನ್ನು ನೋಡಿ ಬರೆಯಬೇಡಿ, ಎಸ್ಸೆಮ್ಮೆಸ್ಸನ್ನು ತೆರೆದು ಪೂರ್ತಿ ಓದಿ. ಅದರಲ್ಲಿ ವೈ-ಫೈಯ ಹೆಸರಿದೆಯೋ, ವಾಟ್ಸಪ್ಪಿನದೋ, ಬ್ಯಾಂಕಿನದೋ? ವೈ-ಫೈಯದಲ್ಲದ ಹೆಸರಿದ್ದರೆ ಅಲ್ಲಿಗೇ ಪುಟ ಮುಚ್ಚಿ. ಟಿಕೆಟ್ಟಿನ ಸಂಖ್ಯೆಯಿಂದ ಬಾಗಿಲು ತೆರೆಯುವ ಹಾಗಿದ್ದರೆ ಈ ಕಳ್ಳನಿಗೆ ಕೆಲಸವೇ ಇರುತ್ತಿರಲಿಲ್ಲ. ನಿಮ್ಮ ಸೀಟು ಸಂಖ್ಯೆಯಿಂದ ಯಾರ ಬ್ಯಾಂಕಿನ ಖಾತೆಯೂ ತೆರೆಯುವುದಿಲ್ಲ.

ಬಸ್ಸಿನವರು ಬದಲಾಗುವವರೆಗೆ ನೀವು ಓಡಾಡುವುದಂತೂ ತಪ್ಪುವುದಿಲ್ಲವಲ್ಲ. ಬಸ್ಸು ಹೊರಡುವುದಕ್ಕೆ ಮುಂಚೆ, ಸ್ಟ್ಯಾಂಡಿನಲ್ಲಿ ಸಿಗ್ನಲ್ ಇರುವಾಗಲೇ ಕೂತು ಓಟಿಪಿ ಮುಗಿಸಿಕೊಳ್ಳಿ. ಒಂದು ಸಲ ಕೇಳಿದ ಮೇಲೆ ಸಿಗ್ನಲ್ ಬರುವವರೆಗೆ ಮತ್ತೆ ಮತ್ತೆ ಒತ್ತಬೇಡಿ. ಒಳಗೆ ಸೇರಿದ ಮೇಲೆ ಆ ಹೆಸರನ್ನು ಫೋನಿನಿಂದ ಅಳಿಸಬೇಡಿ. ಅಳಿಸಿ ಮತ್ತೆ ಸೇರಿದರೆ ಈಗಿನ ಫೋನುಗಳು ಬೇರೆ ಗುರುತು ತೋರಿಸಬಹುದು, ಪೆಟ್ಟಿಗೆ ನಿಮ್ಮನ್ನು ಹೊಸಬರೆಂದು ತಿಳಿದು ಮತ್ತೆ ಓಟಿಪಿ ಕೇಳುತ್ತದೆ. ರೀಚಾರ್ಜು ಸತ್ತಿದ್ದರೆ ಹೊರಡುವ ಹಿಂದಿನ ದಿನವೇ ಮಾಡಿಸಿಕೊಳ್ಳಿ. ಗಂಡ ಯಾಕೆಂದು ಕೇಳಿದರೆ ಈ ಬರಹ ತೋರಿಸಿ.

ನಾನು ಮೊನ್ನೆ ಟಿಕೆಟ್ಟು ತೆಗೆಯುವ ಕೌಂಟರಿನಲ್ಲಿ ಇದನ್ನೇ ಕೇಳಿದೆ. ನಿಮ್ಮ ವೈ-ಫೈ ಟಿಕೆಟ್ ನಂಬರಿಗೆ ತೆರೆಯುತ್ತದೆಯೋ, ಓಟಿಪಿಗೋ? ಆ ಹುಡುಗ ತಲೆಯೆತ್ತಿ ನೋಡಿ, 'ಇದನ್ನ ಇದುವರೆಗೆ ಯಾರೂ ಕೇಳಿಲ್ಲ ಮೇಡಂ' ಎಂದ. ಯಾರೂ ಕೇಳದಿದ್ದರೆ ಮಾಲೀಕರಿಗೆ ಅದನ್ನು ಹೇಳುವವರು ಯಾರು? ಟಿಕೆಟ್ಟು ತೆಗೆಯುವಾಗ ಕಿಟಕಿ ಪಕ್ಕದ ಸೀಟು ಕೇಳುತ್ತೇವೆ, ಪಕ್ಕದಲ್ಲಿ ಹೆಂಗಸರೇ ಇದ್ದಾರೆಯೇ ಎಂದು ಕೇಳುತ್ತೇವೆ, ಊಟಕ್ಕೆ ಎಲ್ಲಿ ನಿಲ್ಲಿಸುತ್ತೀರಿ, ಅಲ್ಲಿ ಬಚ್ಚಲು ಚೊಕ್ಕಟವಾಗಿದೆಯೇ ಎಂದೂ ಕೇಳುತ್ತೇವೆ. ಪಕ್ಕದ ಸೀಟಿನಲ್ಲಿ ಹೆಂಗಸರೇ ಇರಲಿ ಎಂಬ ಏರ್ಪಾಟು ಬುಕಿಂಗಿನಲ್ಲಿ ಬಂದದ್ದು ಹೆಂಗಸರು ಕೇಳಿ ಕೇಳಿಯೇ. ಆ ಪ್ರಶ್ನೆಗಳ ಸಾಲಿಗೆ ಇದನ್ನೂ ಸೇರಿಸಿ. ಕಳಸ, ಮೂಡಿಗೆರೆ, ಚಿಕ್ಕಮಗಳೂರಿನ ಕೌಂಟರುಗಳಲ್ಲಿ ವಾರಕ್ಕೆ ಹತ್ತು ಹೆಂಗಸರು ಕೇಳಿದರೂ ಆ ಮಾತು ಸಾಫ್ಟ್‌ವೇರಿನವರನ್ನು ಮುಟ್ಟುತ್ತದೆ. ಆತ ನನಗೆ ಕೊಟ್ಟ ಟಿಕೆಟ್ಟಿನಲ್ಲಿ ನನ್ನ ಹೆಸರಿತ್ತು, ವಯಸ್ಸಿತ್ತು, 17ನೆಯ ಸೀಟು ಎಂದಿತ್ತು, ಕೆಳಗೆ ಉದ್ದನೆಯ ಟಿಕೆಟ್ ನಂಬರೂ ಇತ್ತು. ಪುಟಕ್ಕೆ ಬೇಕಾದ್ದೆಲ್ಲ ಅದರಲ್ಲೇ ಇತ್ತು.